ಬಳಕೆಯೋಗ್ಯತಾ ಪರೀಕ್ಷೆ

ಬಳಕೆಯೋಗ್ಯತಾ ಪರೀಕ್ಷೆ ಎಂದರೆ ಒಂದು ವೆಬ್‌ಸೈಟ್, ಆ್ಯಪ್, ಅರ್ಜಿ ನಮೂನೆ ಅಥವಾ ಯಂತ್ರವನ್ನು ಅದನ್ನು ನಿಜವಾಗಿ ಬಳಸುವ ಕೆಲವರ ಕೈಗೆ ಕೊಟ್ಟು, ಅವರು ಅದರಿಂದ ತಮ್ಮ ಕೆಲಸ ಮಾಡಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿ, ಎಲ್ಲಿ ತಡವರಿಸುತ್ತಾರೆ, ಏಕೆ ತಡವರಿಸುತ್ತಾರೆ ಎಂಬುದನ್ನು ಕಂಡುಹಿಡಿಯುವ ವಿಧಾನ. ವೃತ್ತಿಯವರಲ್ಲಿ ಇದಕ್ಕೆ ಯೂಸಬಿಲಿಟಿ ಟೆಸ್ಟಿಂಗ್ ಎಂಬ ಹೆಸರೇ ರೂಢಿಯಲ್ಲಿದೆ. ಇದು ಅಭಿಪ್ರಾಯ ಸಂಗ್ರಹವಲ್ಲ. ಜನ ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಮಾಡುತ್ತಾರೆ ಎಂಬುದೇ ಇಲ್ಲಿ ಮುಖ್ಯ ಸಾಕ್ಷ್ಯ.

ಈ ಲೇಖನದಲ್ಲಿ ಪರೀಕ್ಷೆಗೆ ಒಳಗಾಗುವ ವಸ್ತುವನ್ನು ‘ಸಾಧನ’, ಅದನ್ನು ಬಳಸಿ ತೋರಿಸುವವರನ್ನು ‘ಭಾಗಿ’, ಪಕ್ಕದಲ್ಲಿ ಕೂತು ನಡೆಸಿಕೊಡುವವರನ್ನು ‘ನಿರ್ವಾಹಕ’, ದೂರದಿಂದ ನೋಡಿ ಬರೆದುಕೊಳ್ಳುವವರನ್ನು ‘ವೀಕ್ಷಕ’ ಎಂದು ಕರೆಯಲಾಗಿದೆ. ವಿಧಾನವನ್ನು ಬಿಡಿಸಿ ತೋರಿಸಲು ಒಂದು ಮಾದರಿ ಪರೀಕ್ಷೆಯನ್ನು ಆರಿಸಿಕೊಳ್ಳಲಾಗಿದೆ: ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರು ಕರ್ನಾಟಕದ ಭೂಮಿ ವ್ಯವಸ್ಥೆಯ ಜಾಲತಾಣದಲ್ಲಿ ತಮ್ಮ ಹೊಲದ ಪಹಣಿಯನ್ನು ಹುಡುಕುವುದು. ಇದು ವಿವರಣೆಗಾಗಿ ರಚಿಸಿದ ಯೋಜನೆಯೇ ಹೊರತು ನಡೆದ ಪರೀಕ್ಷೆಯೊಂದರ ವರದಿಯಲ್ಲ.

ಉಗಮ

ಜನ ಯೋಚಿಸುತ್ತಿರುವಾಗಲೇ ಗಟ್ಟಿಯಾಗಿ ಮಾತಾಡಿಸಿ ಆ ಮಾತನ್ನು ದತ್ತಾಂಶವಾಗಿ ಬಳಸುವ ಕ್ರಮ ಮನಃಶಾಸ್ತ್ರದ್ದು. ಆಂಡರ್ಸ್ ಎರಿಕ್‌ಸನ್ ಮತ್ತು ಹರ್ಬರ್ಟ್ ಸೈಮನ್ 1980ರಲ್ಲಿ ಅದಕ್ಕೊಂದು ಶಾಸ್ತ್ರೀಯ ನೆಲೆ ಕೊಟ್ಟರು. ಐಬಿಎಂ ಸಂಸ್ಥೆಯ ಕ್ಲೇಟನ್ ಲೂಯಿಸ್ 1982ರಲ್ಲಿ ಅದನ್ನು ಗಣಕಯಂತ್ರಗಳ ಪರೀಕ್ಷೆಗೆ ಒಗ್ಗಿಸಿದರು. 1985ರಲ್ಲಿ ಅವರೂ ಜಾನ್ ಗೌಲ್ಡ್ ಅವರೂ ಸೇರಿ, ವಿನ್ಯಾಸದ ಆರಂಭದಿಂದಲೇ ಬಳಕೆದಾರರನ್ನು ನೋಡಬೇಕು, ಕಂಡದ್ದನ್ನು ತಿದ್ದಿ ಮತ್ತೆ ನೋಡಬೇಕು ಎಂಬ ತತ್ತ್ವವನ್ನು ಮಂಡಿಸಿದರು. 1998ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕರಣೆಗೊಂಡ ಐಎಸ್‌ಒ 9241-11 ಮಾನಕವು ಬಳಕೆಯೋಗ್ಯತೆಯನ್ನು ಮೂರು ಅಳತೆಗಳಲ್ಲಿ ನಿರೂಪಿಸುತ್ತದೆ: ಕೆಲಸ ಕೈಗೂಡಿತೇ, ಎಷ್ಟು ಶ್ರಮ ಹಿಡಿಯಿತು, ಬಳಸಿದವರಿಗೆ ತೃಪ್ತಿಯಾಯಿತೇ. ಯಾರು, ಯಾವ ಉದ್ದೇಶಕ್ಕೆ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದನ್ನು ಹೇಳದೆ ಈ ಮೂರಕ್ಕೂ ಅರ್ಥವಿಲ್ಲ ಎಂಬುದು ಆ ಮಾನಕದ ತಿರುಳು.

ಭಾಗಿಗಳ ಸಂಖ್ಯೆ

ಐದು ಜನ ಸಾಕು ಎಂಬ ಮಾತು ಈ ಕ್ಷೇತ್ರದಲ್ಲಿ ಹೆಚ್ಚು ಪ್ರಚಾರ ಪಡೆದಿದೆ, ಹೆಚ್ಚು ತಪ್ಪಾಗಿ ಬಳಕೆಯೂ ಆಗಿದೆ. ನಾಲ್ಕೈದು ಭಾಗಿಗಳಿಂದ ಸುಮಾರು 80% ಸಮಸ್ಯೆಗಳು ಹೊರಬೀಳುತ್ತವೆ ಎಂದು ರಾಬರ್ಟ್ ವಿರ್ಜಿ 1992ರಲ್ಲಿ ತೋರಿಸಿದರು. ಮರುವರ್ಷ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಅದಕ್ಕೊಂದು ಸೂತ್ರ ಕೊಟ್ಟರು:

```
1 - (1 - p)^n
```

ಇಲ್ಲಿ `p` ಎಂದರೆ ಒಂದು ಸಮಸ್ಯೆ ಒಬ್ಬ ಭಾಗಿಗೆ ಎದುರಾಗುವ ಸಂಭವ, `n` ಎಂದರೆ ಭಾಗಿಗಳ ಸಂಖ್ಯೆ. ಅವರು ಅಭ್ಯಸಿಸಿದ ಯೋಜನೆಗಳಲ್ಲಿ `p`ಯ ಸರಾಸರಿ 0.31 ಇತ್ತು. ಅದನ್ನಿಟ್ಟು ಐವರಿಗೆ ಲೆಕ್ಕ ಹಾಕಿದರೆ ಸುಮಾರು 84% ಬರುತ್ತದೆ. ಆದರೆ ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ಸಮಸ್ಯೆಯಾದರೆ `p` 0.1 ಆಗುತ್ತದೆ, ಆಗ ಐವರ ಪರೀಕ್ಷೆಯಲ್ಲಿ ಅದು ಕಣ್ಣಿಗೆ ಬೀಳುವ ಸಂಭವ 41% ಮಾತ್ರ. ಎಂದರೆ ಐವರು ಹೊರಗೆಡಹುವುದು ಬಹಳಷ್ಟು ಜನರನ್ನು ಕಾಡುವ ದೊಡ್ಡ ತೊಡಕುಗಳನ್ನು. ಅಪರೂಪದವು ತಪ್ಪಿಸಿಕೊಳ್ಳುತ್ತವೆ. ಲಾರಾ ಫಾಕ್ನರ್ 2003ರಲ್ಲಿ 60 ಜನರ ದತ್ತಾಂಶದಿಂದ ಐದೈದು ಜನರ ಗುಂಪುಗಳನ್ನು ಆಯ್ದು ನೋಡಿದಾಗ ಸರಾಸರಿ 85% ಸಮಸ್ಯೆಗಳು ಸಿಕ್ಕಿದ್ದು ನಿಜ, ಆದರೆ ಒಂದು ಗುಂಪಿಗೆ ಸಿಕ್ಕದ್ದು 55% ಮಾತ್ರ.

ಸೂತ್ರದ ಹಿಂದೆ ಇನ್ನೊಂದು ಷರತ್ತಿದೆ: ಐವರೂ ಒಂದೇ ಬಗೆಯ ಬಳಕೆದಾರರಾಗಿರಬೇಕು. ಸ್ವಂತ ಫೋನಿನಲ್ಲಿ ಪಹಣಿ ನೋಡುವ ರೈತ ಒಂದು ಬಗೆ. ದಿನಕ್ಕೆ ಹಲವರಿಗೆ ಪಹಣಿ ತೆಗೆದುಕೊಡುವ ಗ್ರಾಮ ಒನ್ ಕೇಂದ್ರದ ಆಪರೇಟರ್ ಬೇರೆಯೇ ಬಗೆ. ಇಬ್ಬರನ್ನೂ ಬೆರೆಸಿ ಐದಾಗಿಸಿದರೆ ಎರಡೂ ಬಗೆಯವರ ತೊಡಕು ಅರ್ಧಂಬರ್ಧ ಗೊತ್ತಾಗುತ್ತದೆ. ಆದ್ದರಿಂದ ಈ ಮಾದರಿ ಪರೀಕ್ಷೆ ರೈತರಿಗೆ ಮಾತ್ರ ಸೀಮಿತ.

ಭಾಗಿಗಳ ಆಯ್ಕೆ

ಸಂಖ್ಯೆ ಚಿಕ್ಕದಾದಷ್ಟೂ ಆಯ್ಕೆಯ ತೂಕ ಹೆಚ್ಚು. ಆಯ್ಕೆಗೆ ವಯಸ್ಸು, ಓದುಗಳಿಗಿಂತ ನಡವಳಿಕೆಯ ಪ್ರಶ್ನೆಗಳು ಉಪಯುಕ್ತ: ಹೊಲದ ಕಾಗದಪತ್ರದ ಕೆಲಸ ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಕಳೆದ ಸಲ ಉತಾರ ಎಲ್ಲಿಂದ ತಂದರು, ಫೋನಿನಲ್ಲಿ ಹಣ ಕಳಿಸಿದ್ದುಂಟೇ, ಸರ್ವೆ ನಂಬರ್ ನೆನಪಿದೆಯೇ. ಈ ಭಾಗದಲ್ಲಿ ಪಹಣಿಗೆ ಉತಾರ ಎಂಬ ಮಾತು ಬಳಕೆಯಲ್ಲಿರುವುದರಿಂದ ಪ್ರಶ್ನೆಯಲ್ಲೂ ಅದೇ ಪದ ಬರಬೇಕು.

ನಾಲ್ಕು ತಾಲ್ಲೂಕುಗಳಲ್ಲಿ ಐವರನ್ನು ಹಂಚುವಾಗ, ತಾಲ್ಲೂಕಿನ ಪ್ರಾತಿನಿಧ್ಯಕ್ಕಿಂತ ಸಾಧನದ ಮುಂದೆ ವ್ಯತ್ಯಾಸ ಹುಟ್ಟಿಸುವ ಸಂಗತಿಗಳನ್ನು ನೋಡಬೇಕಾಗುತ್ತದೆ. ಹಾನಗಲ್ಲಿನ ಅಕ್ಕಿಆಲೂರು ಭಾಗದ ಒಬ್ಬರು, ಶಿಗ್ಗಾಂವಿಯ ಬಂಕಾಪುರ ಭಾಗದ ಒಬ್ಬರು ಸಾಕು, ಏಕೆಂದರೆ ಹೋಬಳಿಯ ಹೆಸರು ಆರಿಸುವ ಹೆಜ್ಜೆ ಇಬ್ಬರಿಗೂ ಒಂದೇ. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ಮನೆಮಾತು ಉರ್ದು ಆಗಿದ್ದು ಕನ್ನಡ ಓದಬಲ್ಲ ಒಬ್ಬರನ್ನು ಸೇರಿಸಿಕೊಂಡರೆ, ತೆರೆಯ ಮೇಲಿನ ಕನ್ನಡ ಎಷ್ಟು ಆಡಳಿತ ಭಾಷೆಯದು, ಎಷ್ಟು ಆಡುಮಾತಿನದು ಎಂಬುದು ತಿಳಿಯುತ್ತದೆ. ಹಿರೇಕೆರೂರಿನ ಕಡೆಯಿಂದ ಇಬ್ಬರು ಬೇಕು: ಹಂಸಭಾವಿ ಕಡೆಯ ಒಬ್ಬರು, ರಟ್ಟೀಹಳ್ಳಿ ಕಡೆಯ ಒಬ್ಬರು. ರಟ್ಟೀಹಳ್ಳಿ ಹಿಂದೆ ಹಿರೇಕೆರೂರು ತಾಲ್ಲೂಕಿನಲ್ಲಿದ್ದು ಈಚೆಗೆ ಬೇರೆ ತಾಲ್ಲೂಕಾಗಿದೆ. ತಾಲ್ಲೂಕಿನ ಪಟ್ಟಿ ತೆರೆದಾಗ ಆ ಭಾಗದ ರೈತರು ಹಳೆಯ ಅಭ್ಯಾಸದಂತೆ ಯಾವುದನ್ನು ಆರಿಸುತ್ತಾರೆ, ಊರು ಸಿಗದಿದ್ದರೆ ಮುಂದೆ ಏನು ಮಾಡುತ್ತಾರೆ ಎಂಬುದು ಮೇಜಿನ ಮುಂದೆ ಕೂತು ಊಹಿಸಲಾಗದ ಸಂಗತಿ.

ಐವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಜೊತೆಗೆ ಇನ್ನೊಂದು ಎಚ್ಚರ ಬೇಕು. ಹಳ್ಳಿಗಳಲ್ಲಿ ಫೋನು ತಂದೆಯದಾದರೂ ಬೆರಳು ಮಗನದೋ ಮಗಳದೋ ಆಗಿರುವುದುಂಟು. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ, ಬೆಂಗಳೂರಿನ ಕೊಳೆಗೇರಿಗಳಲ್ಲಿ ಕ್ಷೇತ್ರಕಾರ್ಯ ನಡೆದ ಅಧ್ಯಯನವು ಇಂಥ ಮಧ್ಯವರ್ತಿ ಬಳಕೆಯನ್ನು ದೋಷವೆಂದು ಅಲ್ಲ, ಬಳಕೆಯ ಒಂದು ಸಹಜ ರೂಪವೆಂದು ವಿವರಿಸುತ್ತದೆ. ಮನೆಯಲ್ಲಿ ನಿಜವಾಗಿ ಇಬ್ಬರೂ ಸೇರಿ ನೋಡುವುದಾದರೆ ಇಬ್ಬರನ್ನೂ ಕೂರಿಸಿ ಒಂದೇ ಭಾಗಿ ಎಂದು ಎಣಿಸುವುದು ಸರಿಯಾದ ಕ್ರಮ.

ಕೆಲಸಗಳ ರಚನೆ

ಭಾಗಿಗೆ ಕೊಡುವ ಕೆಲಸವು ಅವರ ಬದುಕಿನ ಒಂದು ಅಗತ್ಯವನ್ನು ಹೇಳಬೇಕು, ಅದಕ್ಕೆ ದಾರಿ ಹೇಳಬಾರದು. ‘`Hobli` ಪಟ್ಟಿಯಲ್ಲಿ ಅಕ್ಕಿಆಲೂರು ಆರಿಸಿ `Fetch details` ಒತ್ತಿ’ ಎಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಗುಂಡಿಯ ಹೆಸರನ್ನು ನಿರ್ವಾಹಕನೇ ಹೇಳಿಬಿಟ್ಟ ಮೇಲೆ ಭಾಗಿಗೆ ಉಳಿಯುವುದು ಅದೇ ಅಕ್ಷರಗಳನ್ನು ತೆರೆಯ ಮೇಲೆ ಹುಡುಕುವ ಕೆಲಸ. ಅದರ ಬದಲು ಹೀಗೆ ಕೇಳಬಹುದು: ‘ಬೆಳೆಸಾಲಕ್ಕ ಸೊಸೈಟಿಯವರು ಈ ವರ್ಷದ ಉತಾರ ಕೇಳ್ಯಾರ ಅನ್ಕೋರಿ. ನಿಮ್ಮ ಹೊಲದ್ದು ಈ ಫೋನಿನ್ಯಾಗ ಹುಡುಕಿ ತೋರಸ್ರಿ.’ ಈ ಮಾತಿನಲ್ಲಿ ತೆರೆಯ ಮೇಲಿರುವ ಒಂದು ಪದವೂ ಇಲ್ಲ.

ಪ್ರತಿ ಕೆಲಸಕ್ಕೂ ಮೂರು ಸಂಗತಿಗಳನ್ನು ಮೊದಲೇ ಬರೆದಿಡಬೇಕು: ಎಲ್ಲಿಂದ ಆರಂಭ, ಏನಾದರೆ ಕೆಲಸ ಆಯಿತೆಂದು ಅರ್ಥ, ಎಷ್ಟು ಹೊತ್ತಿಗೆ ನಿಲ್ಲಿಸಬೇಕು. ಮೇಲಿನ ಕೆಲಸಕ್ಕೆ ಆರಂಭ ಫೋನಿನ ಖಾಲಿ ತೆರೆ. ಪಹಣಿಯಲ್ಲಿ ತಮ್ಮ ಹೆಸರು ಮತ್ತು ಕ್ಷೇತ್ರವನ್ನು ಬೆರಳಿಟ್ಟು ತೋರಿಸಿದರೆ ಕೆಲಸ ಆದಂತೆ. ಗುಂಡಿ ಒತ್ತಿದ್ದಷ್ಟೇ ಯಶಸ್ಸಲ್ಲ, ಏಕೆಂದರೆ ಪಕ್ಕದ ಹಿಸ್ಸಾದ ಪಹಣಿ ತೆರೆದು ತಮ್ಮದೇ ಎಂದುಕೊಳ್ಳುವುದು ಸಾಧ್ಯ, ಮತ್ತು ಅದು ದಾರಿ ತಪ್ಪಿ ನಿಲ್ಲುವುದಕ್ಕಿಂತ ಗಂಭೀರ ಸೋಲು. ಹತ್ತು ನಿಮಿಷ ಮಿತಿ.

ಜಾಲತಾಣದಲ್ಲಿ ಪಹಣಿ ನೋಡುವ ದಾರಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಇಳಿಯುತ್ತದೆ. ಆಮೇಲೆ `Surnoc`, `Hissa`, ಅವಧಿ, ವರ್ಷ ಎಂಬ ಆಯ್ಕೆಗಳು ಬರುತ್ತವೆ. ಇದರಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ರೈತನಿಗೆ ಬಾಯಿಪಾಠ. ಸರ್ವೆ ನಂಬರನ್ನು ಅವರು ‘112ರ 2’ ಎಂದು ಒಂದೇ ಉಸಿರಿನಲ್ಲಿ ಹೇಳುವುದುಂಟು, ಆದರೆ ತೆರೆ ಅದನ್ನು ತುಂಡು ಮಾಡಿ 112 ಒಂದು ಕಡೆ, 2 ಇನ್ನೊಂದು ಕಡೆ ಕೇಳುತ್ತದೆ. ನಡುವೆ ಬರುವ `Surnoc` ಎಂಬುದು ಭೂದಾಖಲೆಯ ಒಳಬಳಕೆಯ ಮಾತು. ಅಲ್ಲಿ ಬಹುಪಾಲು ಸಿಗುವ ಆಯ್ಕೆ `*` ಎಂಬ ಒಂದು ಗುರುತು. ವಿನ್ಯಾಸಕಾರನಿಗೆ ಅದು ‘ಏನೂ ಇಲ್ಲ’ ಎಂಬರ್ಥ ಕೊಟ್ಟರೂ ಮೊದಲ ಸಲ ನೋಡುವವರಿಗೆ ಕೊಡಬೇಕೆಂದಿಲ್ಲ. ಹೀಗೆ ದಾರಿಯನ್ನು ಮೊದಲೇ ನಡೆದು, ಜನ ನಿಲ್ಲಬಹುದಾದ ಜಾಗಗಳನ್ನು ಊಹಿಸಿ ಪಟ್ಟಿ ಮಾಡಿಟ್ಟುಕೊಂಡರೆ ವೀಕ್ಷಕರ ಕಣ್ಣು ಹರಿತವಾಗುತ್ತದೆ. ಊಹೆಯನ್ನು ಭಾಗಿಯ ಮುಂದೆ ಬಾಯಿಬಿಡಬಾರದು ಅಷ್ಟೆ.

ಮುಕ್ಕಾಲು ಗಂಟೆಯ ಪರೀಕ್ಷೆಗೆ ಮೂರು ನಾಲ್ಕು ಕೆಲಸ ಸಾಕು. ಎರಡನೆಯದು ಹೋದ ವರ್ಷ ಹೊಲದಲ್ಲಿ ಯಾವ ಬೆಳೆ ದಾಖಲಾಗಿದೆ ಎಂದು ನೋಡುವುದು, ಮೂರನೆಯದು ಕಂಡ ಪಹಣಿಯನ್ನು ಸೊಸೈಟಿಗೆ ಕೊಡಲು ಇಷ್ಟು ಸಾಕೇ ಎಂದು ತೀರ್ಮಾನಿಸುವುದು ಎಂದಿಟ್ಟುಕೊಳ್ಳಬಹುದು. ಮೂರನೆಯ ಕೆಲಸದಿಂದ, ತೆರೆಯ ಮೇಲೆ ನೋಡುವ ಪ್ರತಿಗೂ ಅಧಿಕೃತ ಪ್ರತಿಗೂ ಇರುವ ವ್ಯತ್ಯಾಸ ಭಾಗಿಗೆ ಹೊಳೆಯಿತೇ ಎಂಬುದು ತಿಳಿಯುತ್ತದೆ. ಸುಲಭದ ಕೆಲಸ ಮೊದಲು ಬರಬೇಕು. ಒಂದರ ಉತ್ತರ ಇನ್ನೊಂದಕ್ಕೆ ಸುಳಿವಾಗಬಾರದು.

ಎಲ್ಲ ಸಿದ್ಧವಾದ ಮೇಲೆ ಐವರಲ್ಲಿ ಸೇರದ ಒಬ್ಬರೊಡನೆ ಪೂರ್ವಪರೀಕ್ಷೆ ನಡೆಸುವುದು ಕಡ್ಡಾಯ. ಕೆಲಸದ ಮಾತು ಅರ್ಥವಾಗುತ್ತದೆಯೇ, ನೆಟ್‌ವರ್ಕ್ ಸಿಗುತ್ತದೆಯೇ, ಸಮಯ ಸಾಲುತ್ತದೆಯೇ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ದಿನ ಗೊತ್ತುಮಾಡುವಾಗ ಬಿತ್ತನೆ ಮತ್ತು ಕಟಾವಿನ ವಾರಗಳನ್ನು ಬಿಡಬೇಕು. ಬರುವವರ ಅರ್ಧ ದಿನದ ಕೂಲಿಗೆ ಸಮನಾದ ಮೊತ್ತವನ್ನು, ಕೆಲಸ ಮಾಡಿ ತೋರಿಸಿದರೂ ತೋರಿಸದಿದ್ದರೂ, ಕೊಡಬೇಕು.

ನಡೆಸುವ ಕ್ರಮ

ಜಾಗ ಭಾಗಿಯ ಮನೆಯ ಪಡಸಾಲೆಯಾದರೆ ಒಳ್ಳೆಯದು, ಫೋನು ಅವರದೇ ಆಗಬೇಕು. ಒಡೆದ ಗಾಜು, ದೊಡ್ಡದು ಮಾಡಿಟ್ಟ ಅಕ್ಷರ, ತುಂಬಿಹೋದ ಮೆಮೊರಿ ಎಲ್ಲವೂ ನಿಜವಾದ ಬಳಕೆಯ ಭಾಗ. ಪಂಚಾಯತಿ ಕಚೇರಿಯಲ್ಲಿ ನಡೆಸಿದರೆ ಭಾಗಿಗಳು ಅದನ್ನು ಸರ್ಕಾರಿ ತಪಾಸಣೆಯೆಂದು ತಿಳಿಯುವ ಅಪಾಯವಿದೆ. ಇನ್ನು ಹಳ್ಳಿಯಲ್ಲಿ ಹೊಸಬರು ಬಂದು ಕೂತರೆ ನೆರೆಯವರು ಸೇರುವುದು ಸಹಜ. ಅವರಲ್ಲೊಬ್ಬರು ‘ಅದನ್ನ ಒತ್ತು’ ಎಂದ ಕ್ಷಣ ಆ ಕೆಲಸದ ಸಾಕ್ಷ್ಯ ಕೆಡುತ್ತದೆ. ವೀಕ್ಷಕರಲ್ಲೊಬ್ಬರು ನೆರೆಯವರನ್ನು ಬೇರೆ ಕಡೆ ಮಾತಿಗೆ ಕೂರಿಸಿಕೊಳ್ಳುವುದು ನಿರ್ವಾಹಕ ಗದರಿಸುವುದಕ್ಕಿಂತ ಮೇಲು.

ಆರಂಭದಲ್ಲಿ ಹೇಳಬೇಕಾದದ್ದು ಒಂದೇ: ‘ನಾವು ಪರೀಕ್ಷೆ ಮಾಡಾಕ ಬಂದದ್ದು ನಿಮ್ಮನ್ನಲ್ರಿ, ಈ ವೆಬ್‌ಸೈಟನ್ನ. ನೀವು ಎಲ್ಲರ ನಿಂತ್ರಿ ಅಂದ್ರ ಅದು ಇದರ ತಪ್ಪು. ಮನಸಿನ್ಯಾಗ ಬಂದದ್ದನ್ನ ಹಂಗ ಬಾಯಿಬಿಟ್ಟು ಹೇಳ್ಕೋತ ಹೋಗ್ರಿ.’ ಆಮೇಲೆ ನಿರ್ವಾಹಕನ ಮುಖ್ಯ ಕೆಲಸ ಸುಮ್ಮನಿರುವುದು. ಭಾಗಿ ಮೌನವಾದರೆ ‘ಈಗ ಏನ್ ನೋಡಾಕ್ಹತ್ತೀರಿ?’ ಎಂದೂ, ಅನಿರೀಕ್ಷಿತ ಪುಟ ಬಂದರೆ ‘ಏನ್ ಬರತೈತಿ ಅನ್ಕೊಂಡಿದ್ರಿ?’ ಎಂದೂ ಕೇಳಬಹುದು. ‘ಮುಂದ ಏನ್ ಮಾಡ್ಲಿ?’ ಎಂದು ಅವರೇ ಕೇಳಿದರೆ ‘ನಾ ಇಲ್ಲಿ ಇಲ್ದಿದ್ರ ಏನ್ ಮಾಡ್ತಿದ್ರಿ?’ ಎಂದು ತಿರುಗಿಸಬೇಕು. ಇದಕ್ಕೆ ಬರುವ ಉತ್ತರ, ಉದಾಹರಣೆಗೆ ‘ಫೋನ್ ಮುಚ್ಚಿ ಸೆಂಟರಿಗೆ ಹೋಗ್ತಿದ್ದೆ’ ಎಂಬುದು, ಸ್ವತಃ ಒಂದು ಫಲಿತಾಂಶ. ಎದುರಿಗಿರುವವರು ಕಷ್ಟಪಡುತ್ತಿರುವಾಗ ಕೈ ನೀಡದಿರುವುದು ನಿರ್ವಾಹಕನಿಗೆ ನೋವಿನ ಕೆಲಸವೇ. ಮಿತಿ ಮುಗಿದೊಡನೆ ದಾರಿ ತೋರಿಸಿ, ಅದನ್ನು ‘ನೆರವಿನಿಂದ’ ಎಂದು ಗುರುತು ಮಾಡಿಕೊಳ್ಳಬೇಕು.

ಭಾರತದಲ್ಲಿ ಈ ವಿಧಾನಕ್ಕೆ ಒಂದು ವಿಶೇಷ ತೊಡಕಿದೆ. ಮನೆಗೆ ಬಂದವರ ಮುಂದೆ, ಅದರಲ್ಲೂ ಓದಿದವರ ಮುಂದೆ, ಅವರು ತಂದ ವಸ್ತುವನ್ನು ತೆಗಳುವುದು ಮರ್ಯಾದೆಯಲ್ಲ ಎಂಬ ಭಾವ. ಮುಂಬಯಿಯ ಅಪಲಾ ಲಾಹಿರಿ ಚವಾಣ್ ಇದಕ್ಕೆ ಪರಿಹಾರವಾಗಿ ಬಾಲಿವುಡ್ ವಿಧಾನವನ್ನು ರೂಪಿಸಿದರು. ಅದರಲ್ಲಿ ಒಣ ಸೂಚನೆಯ ಬದಲು ಸಿನಿಮಾ ಕಥೆಯಂಥ ತುರ್ತು ಸನ್ನಿವೇಶದೊಳಗೆ ಭಾಗಿಯನ್ನು ನಿಲ್ಲಿಸಿ ಕೆಲಸ ಕೊಡಲಾಗುತ್ತದೆ. ಕಥೆಯೊಳಗಿನ ಪಾತ್ರವಾದಾಗ ಜನ ಸಂಕೋಚ ಬಿಟ್ಟು ಮಾತಾಡುತ್ತಾರೆ ಎಂಬುದು ಅದರ ಆಧಾರ. ಪಹಣಿಯಂಥ ದಿನಬಳಕೆಯ ವಿಷಯದಲ್ಲಿ ‘ನಾಳೆ ಸಾಲದ ಕೊನೆಯ ದಿನ, ಸೆಂಟರು ಮುಚ್ಚಿದೆ’ ಎಂಬಷ್ಟು ಕಥೆಯೇ ಸಾಕಾದೀತು. ಏನೇ ಮಾಡಿದರೂ ‘ಚಲೋ ಐತ್ರಿ’ ಎಂಬ ಮಾತನ್ನು ಸಾಕ್ಷ್ಯವೆಂದು ಬರೆದುಕೊಳ್ಳಬಾರದು. ನಾಲ್ಕು ಸಲ ಹಿಂದಕ್ಕೆ ಹೋದ ಬೆರಳು ಅದಕ್ಕಿಂತ ನಂಬಿಕಸ್ತ.

ತೆರೆಯನ್ನೂ ಧ್ವನಿಯನ್ನೂ ದಾಖಲಿಸಿಕೊಳ್ಳಲು ಒಪ್ಪಿಗೆ ಬೇಕು, ಅದನ್ನು ಓದಿ ಹೇಳಿ ಪಡೆಯಬೇಕು. ಪಹಣಿಯಲ್ಲಿ ಜಂಟಿ ಮಾಲೀಕರ ಹೆಸರುಗಳೂ ಸಾಲದ ಋಣಭಾರವೂ ಕಾಣುತ್ತವೆ. ದಾಖಲೆ ಸಾರ್ವಜನಿಕವಾದರೂ ಅದನ್ನು ಅಪರಿಚಿತರ ಮುಂದೆ ತೆರೆಯುವುದು ಮುಜುಗರವಾಗಬಹುದು. ಭಾಗಿ ಬೇಡವೆಂದರೆ ಬೇರೆ ಸರ್ವೆ ನಂಬರ್ ಕೊಡಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕುತ್ತದೆ.

ಟಿಪ್ಪಣಿಯಿಂದ ಸಮಸ್ಯೆಗೆ

ವೀಕ್ಷಕರು ಕಂಡದ್ದನ್ನೂ ಅದರ ಅರ್ಥವನ್ನೂ ಬೇರೆ ಬೇರೆ ಬರೆಯಬೇಕು. ‘`Surnoc` ಪಟ್ಟಿ ತೆರೆದರು, `*` ನೋಡಿ ಮುಚ್ಚಿದರು, ಮತ್ತೆ ತೆರೆದರು, ಮುಂದೇನೆಂದು ಕೇಳಿದರು’ ಎಂಬುದು ಕಂಡದ್ದು. ‘`*` ಒಂದು ಆಯ್ಕೆಯೆಂದು ತಿಳಿಯಲಿಲ್ಲ’ ಎಂಬುದು ಅರ್ಥ. ಅದೇ ದಿನ ಸಂಜೆ ಎಲ್ಲ ವೀಕ್ಷಕರು ಕೂತು ಟಿಪ್ಪಣಿಗಳನ್ನು ಎದುರುಬದುರಿಟ್ಟು ನೋಡಬೇಕು. ನೋಡುವವರು ಬದಲಾದರೆ ಕಾಣುವುದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ರೋಲ್ಫ್ ಮೋಲಿಕ್ 1998ರಿಂದ ನಡೆಸಿದ ತುಲನಾತ್ಮಕ ಅಧ್ಯಯನಗಳು ಸಾಕ್ಷಿ: ಒಂದೇ ಸಾಧನವನ್ನು ಪರೀಕ್ಷಿಸಿದ ಬೇರೆ ಬೇರೆ ವೃತ್ತಿನಿರತ ತಂಡಗಳ ಪಟ್ಟಿಗಳಲ್ಲಿ ಸಮಾನ ಅಂಶಗಳು ಬಹಳ ಕಡಿಮೆ ಇದ್ದವು.

ತೀವ್ರತೆಯನ್ನು ನೀಲ್ಸನ್ ಅವರ 0ಯಿಂದ 4ರವರೆಗಿನ ಅಳತೆಯಲ್ಲಿ ಗುರುತಿಸುವುದು ವಾಡಿಕೆ. 0 ಎಂದರೆ ಸಮಸ್ಯೆಯೇ ಅಲ್ಲ, 4 ಎಂದರೆ ತಿದ್ದದೆ ಬಿಡುಗಡೆ ಮಾಡಬಾರದು. ಎಷ್ಟು ಜನರಿಗೆ ಎದುರಾಯಿತು, ಎದುರಾದಾಗ ಎಷ್ಟು ಕೆಡಿಸಿತು, ಒಮ್ಮೆ ಕಲಿತ ಮೇಲೂ ಕಾಡುತ್ತದೆಯೇ ಎಂಬ ಮೂರನ್ನೂ ತೂಗಬೇಕು. ಮಾದರಿ ಪರೀಕ್ಷೆಯಲ್ಲಿ ಐವರ ಪೈಕಿ ನಾಲ್ವರು `*` ಮುಂದೆ ನಿಂತು, ಒತ್ತಿ ನೋಡಿದ ಮೇಲೆ ದಾಟಿದರೆ ಅದು 3. ಒಬ್ಬರೇ ಒಬ್ಬರು ಪಕ್ಕದ ಹಿಸ್ಸಾದ ಪಹಣಿಯನ್ನು ತಮ್ಮದೆಂದು ನಂಬಿ ಮುಗಿಸಿದರೆ, ಒಬ್ಬರೇ ಆದರೂ ಅದು 4 ಆಗಬಹುದು, ಏಕೆಂದರೆ ತಪ್ಪಾಗಿದೆ ಎಂಬುದೇ ಅವರಿಗೆ ಗೊತ್ತಿಲ್ಲ.

ವರದಿ

ವರದಿಯ ಪ್ರತಿ ಅಂಶದಲ್ಲೂ ಏನಾಯಿತು, ಯಾರಿಗೆ, ಎಲ್ಲಿ, ಕಾರಣವೇನು, ಏನು ತಿದ್ದಬಹುದು ಎಂಬುದು ಈ ಕ್ರಮದಲ್ಲಿ ಬರಬೇಕು. ಒಂದು ಅಂಶ ಹೀಗಿರಬಹುದು: ‘ಐವರಲ್ಲಿ ನಾಲ್ವರು ಸರ್ವೆ ನಂಬರ್ ಕೊಟ್ಟ ಮೇಲೆ `Surnoc` ಬಳಿ ತಡವರಿಸಿದರು. ಪದ ಪರಿಚಿತವಲ್ಲ, ಇರುವ ಒಂದೇ ಆಯ್ಕೆ ಚಿಹ್ನೆಯಾಗಿದೆ. ಆಯ್ಕೆ ಒಂದೇ ಇದ್ದಾಗ ಅದನ್ನು ತಾನೇ ತುಂಬಿಕೊಂಡು ಈ ಹೆಜ್ಜೆಯನ್ನು ಮರೆಮಾಡಬಹುದು.’ ಜೊತೆಗೆ ಅರ್ಧ ನಿಮಿಷದ ದೃಶ್ಯದ ತುಣುಕು ಇದ್ದರೆ ವಾದಕ್ಕೆ ಎಡೆಯಿಲ್ಲ. ಭಾಗಿಗಳ ಹೆಸರಿನ ಬದಲು ಭಾ1, ಭಾ2 ಎಂಬ ಸಂಕೇತ ಬಳಸಬೇಕು. ಚಿಕ್ಕ ಊರಿನಲ್ಲಿ ಊರು, ವಯಸ್ಸು, ಬೆಳೆ ಮೂರನ್ನೂ ಹೇಳಿದರೆ ವ್ಯಕ್ತಿ ಯಾರೆಂದು ಗೊತ್ತಾಗಿಬಿಡುತ್ತದೆ.

‘ನಾಲ್ವರು’ ಎಂದು ಬರೆಯಬೇಕೇ ಹೊರತು ‘80% ಬಳಕೆದಾರರು’ ಎಂದಲ್ಲ. ಐವರಿಗೆ ಐವರೂ ಕೆಲಸ ಮುಗಿಸಿದರೂ, 95% ವಿಶ್ವಾಸಾಂತರದ ಲೆಕ್ಕದಲ್ಲಿ ನಿಜವಾದ ಯಶಸ್ಸಿನ ಪ್ರಮಾಣ ಸುಮಾರು 48%ರಷ್ಟು ಕೆಳಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗುವುದಿಲ್ಲ. ಚಿಕ್ಕ ಪರೀಕ್ಷೆ ಕಾರಣವನ್ನು ತೋರಿಸುತ್ತದೆ, ಪ್ರಮಾಣವನ್ನು ಅಳೆಯುವುದಿಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದು ವೇಗ ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ.

ಅಂಶಗಳನ್ನು ಹತ್ತಕ್ಕೆ ಮಿತಗೊಳಿಸಿ, ಸರಿಯಾಗಿ ನಡೆದದ್ದನ್ನೂ ದಾಖಲಿಸಿದರೆ ತಿದ್ದುವವರು ಒಳ್ಳೆಯದನ್ನು ಕೆಡಿಸುವುದಿಲ್ಲ. ತಿದ್ದಿದ ಮೇಲೆ ಬೇರೆ ಐವರೊಡನೆ ಮರುಪರೀಕ್ಷೆ ನಡೆಯಬೇಕು. ಹದಿನೈದು ಜನರನ್ನು ಒಂದೇ ಸಲ ನೋಡುವುದಕ್ಕಿಂತ ಐವರಂತೆ ಮೂರು ಸಲ ನೋಡುವುದು ಮೇಲೆಂಬುದು ನೀಲ್ಸನ್ ಅವರ ಸಲಹೆಯ ಮೂಲ ಆಶಯ. ‘ಐದು ಸಾಕು’ ಎನ್ನುವವರು ಮರೆಯುವುದು ಇದನ್ನೇ.

ಪ್ರಕಾರಗಳು

ಕಟ್ಟುತ್ತಿರುವಾಗ ತಿದ್ದಲೆಂದು ನಡೆಸುವುದು ರೂಪಣಾ ಪರೀಕ್ಷೆ, ಮುಗಿದ ಮೇಲೆ ಅಳೆಯಲೆಂದು ನಡೆಸುವುದು ಸಮಾಪನ ಪರೀಕ್ಷೆ. ಎರಡನೆಯದಕ್ಕೆ ಹೆಚ್ಚು ಜನ ಬೇಕು. ಅದರಲ್ಲಿ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಎಸ್‌ಯುಎಸ್ ಪ್ರಶ್ನಾವಳಿ ಬಳಕೆಯಲ್ಲಿದೆ. ತೆರೆಯನ್ನು ಕಾಗದದ ಮೇಲೆ ಬರೆದು ಪರೀಕ್ಷಿಸುವ ಕಾಗದದ ಮಾದರಿ, ಫೋನ್ ಮೂಲಕ ನಡೆಸುವ ದೂರ ಪರೀಕ್ಷೆ, ನಿರ್ವಾಹಕನಿಲ್ಲದೆ ನಡೆಯುವ ಪರೀಕ್ಷೆ ಉಳಿದ ಬಗೆಗಳು. ಪ್ರತಿ ಭಾಗಿಯ ನಂತರವೂ ಸಾಧನವನ್ನು ತಿದ್ದುತ್ತ ಹೋಗುವ ರೈಟ್ ವಿಧಾನವನ್ನು ಮೈಕ್ರೋಸಾಫ್ಟ್‌ನ ಆಟಗಳ ತಂಡ 2002ರಲ್ಲಿ ವಿವರಿಸಿತು.

ಕರ್ನಾಟಕದಲ್ಲಿ

ಕರ್ನಾಟಕದ ಹೆಸರಾಂತ ಉದಾಹರಣೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ್ದು. ಇಂದ್ರಾಣಿ ಮೇಧಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಓದು ಬಾರದ ಮನೆಗೆಲಸದ ಮಹಿಳೆಯರಿಗೆ ಕೆಲಸ ಹುಡುಕಿಕೊಡುವ, ಅಕ್ಷರವಿಲ್ಲದ ತೆರೆಯೊಂದನ್ನು ಅವರ ಜೊತೆಗೇ ಪರೀಕ್ಷಿಸಿ ತಿದ್ದಲಾಯಿತು. ಅಡುಗೆಮನೆಯ ಬರೀ ಚಿತ್ರ ಅವರಿಗೆ ಒಂದು ಜಾಗವಾಗಿ ಕಂಡಿತೇ ಹೊರತು ಅಲ್ಲಿ ಮಾಡುವ ಕೆಲಸವಾಗಿ ಅಲ್ಲ. ನಲ್ಲಿಯಿಂದ ನೀರು ಬೀಳುವಂಥ ಚಲನೆಯ ಸುಳಿವು ಸೇರಿದಾಗ ಅದು ಕೆಲಸವೆಂದು ತಿಳಿಯಿತು.

ಸರ್ಕಾರಿ ಜಾಲತಾಣಗಳಿಗೆ ಕೇಂದ್ರ ಸರ್ಕಾರವು 2009ರಲ್ಲಿ ಹೊರಡಿಸಿ ಮುಂದೆ ಪರಿಷ್ಕರಿಸುತ್ತ ಬಂದ ಮಾರ್ಗಸೂಚಿಗಳು ಬಳಕೆದಾರ ಕೇಂದ್ರಿತ ವಿನ್ಯಾಸವನ್ನು ಕೇಳುತ್ತವೆ. ಪಹಣಿಗಳ ಗಣಕೀಕರಣ 2000ದ ಹೊತ್ತಿಗೆ ಭೂಮಿ ಯೋಜನೆಯಾಗಿ ರೂಪುಗೊಂಡಾಗ ತೆರೆಯ ಮುಂದೆ ಕೂತವರು ತಾಲ್ಲೂಕು ಕಚೇರಿಯ ತರಬೇತಿ ಪಡೆದ ಸಿಬ್ಬಂದಿ. ಅವರಿಗೆ `Surnoc` ಪರಿಚಿತ ಪದ. ಅದೇ ಆಯ್ಕೆಗಳ ಸಾಲು ಈಗ ರೈತನ ಫೋನಿಗೆ ಬಂದಿದೆ.